ಮೇಜು ಎಲ್ಲಿಡಬೇಕೆಂದು ಕಿಟಕಿ ಹೇಳುತ್ತದೆ

ಮನೆಯಿಂದ ಕೆಲಸ ಮಾಡುವವರ ಮೇಜು ಸಾಮಾನ್ಯವಾಗಿ ಜಾಗ ಉಳಿದಲ್ಲಿಗೆ ಹೋಗಿ ಸೇರುತ್ತದೆ. ಕಣ್ಣುರಿ, ಕಾಲ್‌ನಲ್ಲಿ ಕಪ್ಪಾಗಿ ಕಾಣುವ ಮುಖ, ಕುಕ್ಕರಿನ ಸೀಟಿ ಇವೆಲ್ಲ ಆಮೇಲೆ ಒಂದೊಂದಾಗಿ ಗಮನಕ್ಕೆ ಬರುತ್ತವೆ. ಜಾಗಕ್ಕಿಂತ ಮೊದಲು ಬೆಳಕನ್ನು ನೋಡುವುದು ಒಳ್ಳೆಯದು.

ಬೆಂಗಳೂರಿನ ಫ್ಲ್ಯಾಟೊಂದರ 10 ಅಡಿಗೆ 11 ಅಡಿಯ ಕೋಣೆಯನ್ನು ಊಹಿಸಿಕೊಳ್ಳಿ. ಪಶ್ಚಿಮಕ್ಕೆ ಕಿಟಕಿ, ಪೂರ್ವಕ್ಕೆ ಬಾಗಿಲು, ಬಾಗಿಲಾಚೆ ಹಾಲ್ ಮತ್ತು ಅಡುಗೆಮನೆ. ಕಿಟಕಿಗೆ ಬೆನ್ನು ಹಾಕಿ ಕೂತರೆ ಕ್ಯಾಮೆರಾ ಹೊರಗಿನ ಬೆಳಕಿಗೆ ಹೊಂದಿಕೊಂಡು ಮುಖವನ್ನು ಕತ್ತಲಾಗಿಸುತ್ತದೆ. ಕಿಟಕಿಗೆ ಮುಖ ಮಾಡಿದರೆ ಮಧ್ಯಾಹ್ನ ಮೂರರ ಬಿಸಿಲು ನೇರ ಕಣ್ಣಿಗೆ. ಹಾಗಾಗಿ ಮೇಜು ಉತ್ತರದ ಗೋಡೆಗೆ ಹೋಗಬೇಕು, ಕಿಟಕಿ ಎಡಗಡೆಗೆ ಬರುವಂತೆ. ಬಲಗೈಯಲ್ಲಿ ಬರೆಯುವವರಿಗೆ ಕೈಯ ನೆರಳು ಕಾಗದದ ಮೇಲೆ ಬೀಳುವುದಿಲ್ಲ. ಎಡಗೈಯವರಾದರೆ ದಕ್ಷಿಣದ ಗೋಡೆ ಸರಿ. ಬಿಸಿಲಿನ ಹೊತ್ತಿಗೆ ತೆಳುವಾದ ಬಿಳಿ ಪರದೆ ಸಾಕು.

ಜಾಗ ಸರಿಯಿದೆಯೇ ಎಂದು ತಿಳಿಯಲು ಸ್ಕ್ರೀನ್ ಆಫ್ ಮಾಡಿ ಕೂತು ನೋಡಿ. ಕಪ್ಪು ಪರದೆಯಲ್ಲಿ ಕಿಟಕಿಯೋ ಟ್ಯೂಬ್‌ಲೈಟೋ ಕಂಡರೆ ಕೆಲಸದ ಹೊತ್ತಿನಲ್ಲೂ ಅದು ಅಕ್ಷರಗಳ ಮೇಲೆ ಕೂತಿರುತ್ತದೆ. ಸ್ಕ್ರೀನನ್ನು ಸ್ವಲ್ಪ ತಿರುಗಿಸಿದರೆ ಬಹಳ ಸಲ ಅಷ್ಟಕ್ಕೇ ಸರಿಹೋಗುತ್ತದೆ. ಸಂಜೆಗೆ ಟ್ಯೂಬ್‌ಲೈಟ್ ಬೆನ್ನ ಹಿಂದಿದ್ದರೆ ಓದುವವರ ನೆರಳೇ ಪುಸ್ತಕದ ಮೇಲೆ ಬೀಳುತ್ತದೆ. ಎಡಬದಿಗೆ ಒಂದು ಟೇಬಲ್ ಲ್ಯಾಂಪ್, ಅದಕ್ಕೆ 4000 ಕೆಲ್ವಿನ್ ಎಂದು ಬರೆದ ಎಲ್ಇಡಿ ಬಲ್ಬ್ ಹಾಕಬಹುದು: ತೀರಾ ಹಳದಿಯೂ ಅಲ್ಲ, ತೀರಾ ನೀಲಿಯೂ ಅಲ್ಲ.

ಸದ್ದಿನ ವಿಷಯದಲ್ಲಿ ಜನ ದುಡ್ಡು ಕಳೆದುಕೊಳ್ಳುವುದು ಗೋಡೆಗೆ ಅಂಟಿಸುವ ಫೋಮ್ ಹಾಳೆಗಳಿಗೆ. ಅವು ಕೋಣೆಯೊಳಗಿನ ಪ್ರತಿಧ್ವನಿಯನ್ನು ಕಡಿಮೆ ಮಾಡುತ್ತವೆಯೇ ಹೊರತು ಅಡುಗೆಮನೆಯ ಮಿಕ್ಸಿಯನ್ನು ತಡೆಯುವುದಿಲ್ಲ. ಗಾಳಿ ನುಸುಳುವ ಸಂದಿಯಲ್ಲೆಲ್ಲ ಸದ್ದೂ ನುಸುಳುತ್ತದೆ, ಬಾಗಿಲ ಕೆಳಗಿನ ಅರ್ಧ ಇಂಚಿನ ಸಂದಿಯೇ ಅದಕ್ಕೆ ದೊಡ್ಡ ದಾರಿ. ರಾತ್ರಿ ಕೋಣೆಯ ದೀಪ ಆರಿಸಿ, ಹಾಲ್‌ನ ದೀಪ ಹಚ್ಚಿ ಬಾಗಿಲು ಹಾಕಿದರೆ ಬೆಳಕಿನ ಗೆರೆ ಎಲ್ಲೆಲ್ಲಿ ಕಾಣುತ್ತದೋ ಅಲ್ಲೆಲ್ಲ ರಬ್ಬರ್ ಪಟ್ಟಿ ಬೇಕು. ಹಾರ್ಡ್‌ವೇರ್ ಅಂಗಡಿಯಲ್ಲಿ ಅದು ಸಿಗುತ್ತದೆ. ಕೋಣೆಯ ಬಾಗಿಲೇ ಒಳಗೆ ಟೊಳ್ಳಾಗಿದ್ದರೆ ಮಾತ್ರ ಪಟ್ಟಿಯಿಂದ ಆಗುವ ಲಾಭ ಕಡಿಮೆ.

ಪ್ರತಿಧ್ವನಿ ಬೇರೆ ಸಮಸ್ಯೆ. ಕೈ ಚಪ್ಪಾಳೆ ತಟ್ಟಿದಾಗ ಗಣಗಣ ಎನ್ನುವ ಖಾಲಿ ಕೋಣೆ ಹಾಸಿಗೆ, ದಪ್ಪ ಪರದೆ, ಪುಸ್ತಕಗಳು ಬಂದ ಮೇಲೆ ತಣ್ಣಗಾಗುತ್ತದೆ. ರಸ್ತೆಯ ಬಸ್ಸು ಲಾರಿಗಳ ಗುಡುಗನ್ನು ಇದಾವುದೂ ನಿಲ್ಲಿಸದು; ಅಲ್ಲಿ ಬಾಯಿಗೆ ಹತ್ತಿರ ಮೈಕ್ ಇರುವ ಹೆಡ್‌ಸೆಟ್ಟೇ ಉಪಾಯ.

ಸಾಮಾನಿನ ಲೆಕ್ಕ ಸುಲಭ. ದಿನವೂ ಬೇಕಾದದ್ದು ಕೈಗೆಟುಕುವಲ್ಲಿ, ಉಳಿದದ್ದು ಮೇಲೆ. ಗೋಡೆಯ ಹಲಗೆ ಮೇಜಿನಿಂದ ಒಂದೂವರೆ ಅಡಿಯಾದರೂ ಮೇಲಿದ್ದು, 9 ಇಂಚಿಗಿಂತ ಅಗಲವಿಲ್ಲದಿದ್ದರೆ ತಲೆಗೆ ತಾಗುವುದಿಲ್ಲ. ಫೈಲುಗಳನ್ನು ಮಳೆ ಬಡಿಯುವ ಹೊರಗೋಡೆಗೆ ಒರಗಿಸಿದರೆ ತೇವ ಹಿಡಿಯುತ್ತವೆ, ಆದ್ದರಿಂದ ಅವು ಒಳಗೋಡೆಗೆ. ಯುಪಿಎಸ್ ಬಿಸಿಯಾಗುವ ವಸ್ತು, ಅದನ್ನು ಬೀರುವಿನೊಳಗೆ ಮುಚ್ಚಿಡಬಾರದು. ರೌಟರನ್ನೂ ಅಷ್ಟೇ, ಸ್ಟೀಲ್ ಬೀರುವಿನೊಳಗಿಟ್ಟರೆ ಸಿಗ್ನಲ್ ಕುಗ್ಗುತ್ತದೆ.