ಪರೇಲಿನ ನೂಲು, ಸ್ವೀಡನ್ನಿನ ಲೆಕ್ಕ

1854ರಲ್ಲಿ ಕಾವಸ್‌ಜಿ ದಾವರ್ ಮುಂಬಯಿಯ ತಾಡದೇವದಲ್ಲಿ ನೂಲಿನ ಗಿರಣಿಯೊಂದನ್ನು ಹುಟ್ಟುಹಾಕಿದರು. ಮುಂದಿನ ಐವತ್ತು ವರ್ಷಗಳಲ್ಲಿ ಪರೇಲ್, ಲಾಲ್‌ಬಾಗ್ ಸುತ್ತ ಚಿಮಣಿಗಳೆದ್ದು ಆ ಪ್ರದೇಶಕ್ಕೆ ಗಿರಣಗಾವ್ ಎಂಬ ಹೆಸರೇ ಬಿತ್ತು. ಯಂತ್ರಗಳು ಬಂದದ್ದು ಲಂಕಾಶೈರಿನಿಂದ, ದುಡಿಯುವ ಕೈಗಳು ರತ್ನಾಗಿರಿ, ಸಾತಾರಾ ಕಡೆಯಿಂದ. ನೂಲಿನ ಬಹುಪಾಲು ಹಡಗೇರಿ ಚೀನಾಕ್ಕೆ ಹೋಗುತ್ತಿತ್ತು.

ಯಂತ್ರ ಒಳಬಂದು ನೂಲು ಹೊರಹೋದದ್ದೇಕೆ ಎಂಬುದಕ್ಕೆ ಉತ್ತರ ಸಿಕ್ಕಿದ್ದು ಬಹಳ ತಡವಾಗಿ, ಸ್ವೀಡನ್ನಿನಲ್ಲಿ. ಎಲಿ ಹೆಕ್ಷರ್ 1919ರ ಲೇಖನದಲ್ಲಿ, ಅವರ ಶಿಷ್ಯ ಬರ್ಟಿಲ್ ಓಲಿನ್ 1933ರ ಪುಸ್ತಕದಲ್ಲಿ ವಾದಿಸಿದ್ದು ಇಷ್ಟು: ಬಂಡವಾಳಕ್ಕೆ ಹೋಲಿಸಿದರೆ ಯಾವ ದೇಶದಲ್ಲಿ ದುಡಿಯುವವರು ಹೆಚ್ಚೋ ಆ ದೇಶ ಹೆಚ್ಚು ಕೈಗಳು ಬೇಕಾದ ಸರಕನ್ನು ಹೊರಗೆ ಮಾರುತ್ತದೆ, ಬಂಡವಾಳ ಹೆಚ್ಚಿರುವ ದೇಶ ಯಂತ್ರದಂಥದ್ದನ್ನು ಮಾರುತ್ತದೆ. ಮುಂಬಯಿಯ ನೂಲು, ಲಂಕಾಶೈರಿನ ಯಂತ್ರ: ಇಲ್ಲಿಯವರೆಗೆ ಸರಿಹೊಂದುತ್ತದೆ.

ಕೂಲಿಯ ಕಥೆ ಬೇರೆ. 1941ರಲ್ಲಿ ಸ್ಟೋಲ್ಪರ್, ಸಾಮ್ಯುಯೆಲ್ಸನ್ ಅದರ ಗಣಿತ ಬಿಡಿಸಿದರು. ನೂರು ರೂಪಾಯಿ ಬಟ್ಟೆಯಲ್ಲಿ ಅರವತ್ತು ಕೂಲಿಗೆ, ನಲವತ್ತು ಬಂಡವಾಳಕ್ಕೆ. ನೂರು ರೂಪಾಯಿ ಯಂತ್ರದಲ್ಲಿ ಮೂವತ್ತು ಕೂಲಿಗೆ, ಎಪ್ಪತ್ತು ಬಂಡವಾಳಕ್ಕೆ ಎನ್ನಿ. ರಫ್ತಿನಿಂದ ಬಟ್ಟೆಯ ಬೆಲೆ 110 ಆಗಿ, ಯಂತ್ರದ್ದು ನೂರರಲ್ಲೇ ನಿಂತರೆ ಎರಡೂ ಲೆಕ್ಕ ಕೂಡಬೇಕು. ಕೂಲಿ ಸುಮಾರು ಶೇ 23 ಏರಿ, ಬಂಡವಾಳದ ಗಳಿಕೆ ಶೇ 10 ಇಳಿದರೆ ಮಾತ್ರ ಕೂಡುತ್ತದೆ: ಬಟ್ಟೆಯಲ್ಲಿ 74 ಮತ್ತು 36, ಯಂತ್ರದಲ್ಲಿ 37 ಮತ್ತು 63. ಬೆಲೆ ಏರಿದ್ದಕ್ಕಿಂತ ಕೂಲಿಯೇ ಹೆಚ್ಚು ಏರುತ್ತದೆ. ಬಟ್ಟೆಯನ್ನು ಆಮದು ಮಾಡಿಕೊಳ್ಳುವ ಬಂಡವಾಳದ ದೇಶದಲ್ಲಿ ಅದರ ಬೆಲೆ ಇಳಿದು, ಕೂಲಿಗಾರನೇ ಸೋಲುತ್ತಾನೆ.

ಪರೇಲಿನ ಚಾಳುಗಳಲ್ಲಿ ಆ ಏರಿಕೆ ಕಾಣಲಿಲ್ಲ. ದೇಶದ ದುಡಿಯುವವರ ಸಂಖ್ಯೆ ನಿಗದಿಯಾಗಿದೆ, ಎಲ್ಲರಿಗೂ ಕೆಲಸವಿದೆ ಎಂದು ಸಿದ್ಧಾಂತ ಭಾವಿಸುತ್ತದೆ. ಇಲ್ಲಿ ಕೊಂಕಣದಿಂದ ಜನ ಬರುತ್ತಲೇ ಇದ್ದರು. ಗಿರಣಿಯ ಬಾಗಿಲಲ್ಲಿ ದಿನದ ಕೆಲಸಕ್ಕಾಗಿ ಬದಲಿ ಕೂಲಿಗಳು ಕಾಯುತ್ತಿದ್ದರು. ಬೇಡಿಕೆ ಹೆಚ್ಚಿದಾಗ ಏರಿದ್ದು ಕೆಲಸಗಾರರ ಸಂಖ್ಯೆ, ಕೂಲಿ ಅಷ್ಟಾಗಿ ಅಲ್ಲ. ಇನ್ನೊಂದು ಊಹೆ, ತಂತ್ರಜ್ಞಾನ ಎಲ್ಲೆಡೆ ಒಂದೇ ಎಂಬುದು. ಯಂತ್ರ ಒಂದೇ ಆಗಿತ್ತು, ಆದರೆ ಲಂಕಾಶೈರಿನ ನೇಕಾರ ನಾಲ್ಕು ಮಗ್ಗ ನೋಡಿಕೊಂಡರೆ ಮುಂಬಯಿಯವನು ಎರಡನ್ನು. ಆದ್ದರಿಂದ ಅಗ್ಗದ ಕೂಲಿಯ ಲಾಭ ಕಾಣುವಷ್ಟು ದೊಡ್ಡದಾಗಿರಲಿಲ್ಲ. ಇದರ ಮೇಲೆ ಲಂಕಾಶೈರಿನ ಒತ್ತಡಕ್ಕೆ ಮಣಿದ ಸರ್ಕಾರ 1896ರಲ್ಲಿ ಭಾರತದ ಗಿರಣಿ ಬಟ್ಟೆಗೆ ಶೇ 3.5 ಸುಂಕ ಹೇರಿತು.

ಮುಂದೆ ಕಾರ್ಮಿಕ ಸಂಘಟನೆಗಳ ಹೋರಾಟದಿಂದ ಕೂಲಿ ಏರಿದಾಗ, ನೇಯ್ಗೆ ಭಿವಂಡಿಯ ವಿದ್ಯುತ್ ಮಗ್ಗಗಳಿಗೆ ಜಾರಿತು. ಅಗ್ಗದ ಕೂಲಿ ಬೇರೆ ದೇಶದಲ್ಲಿರಬೇಕಾಗಿರಲಿಲ್ಲ. 1982ರ ಜನವರಿ 18ರಂದು ದತ್ತಾ ಸಾಮಂತರ ಮುಂದಾಳತ್ವದಲ್ಲಿ ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಮುಷ್ಕರ ಹೂಡಿದರು. ಅನೇಕರಿಗೆ ಮತ್ತೆ ಕೆಲಸ ಸಿಗಲೇ ಇಲ್ಲ. ಅಷ್ಟು ಹೊತ್ತಿಗೆ ಗಿರಣಿ ಮಾಲೀಕರ ಕೈಯಲ್ಲಿದ್ದ ಅತಿ ಬೆಲೆಬಾಳುವ ಸೊತ್ತು ಕೂಲಿಯೂ ಅಲ್ಲ, ಯಂತ್ರವೂ ಅಲ್ಲ, ಗಿರಣಿ ನಿಂತ ನೆಲವೇ ಆಗಿತ್ತು. ಫೀನಿಕ್ಸ್ ಮಿಲ್ ಇದ್ದಲ್ಲಿ ಈಗ ಮಾಲ್ ಇದೆ.