ಎಪ್ಪತ್ತರೊಳಗೆ ಒಂದು ದೀಪಾವಳಿ

ಪರಿಚಯದ ಸೀರೆ ಅಂಗಡಿಯವರೊಬ್ಬರು ಹಬ್ಬಕ್ಕೆ ಮುಂಚೆ ತಮ್ಮ ಗಿರಾಕಿಗಳಿಗೆ ಕನ್ನಡದಲ್ಲೇ ಎಸ್ಸೆಮ್ಮೆಸ್ ಕಳಿಸಬೇಕೆಂದು ಹೀಗೆ ಬರೆದುಕೊಟ್ಟರು:

“ದೀಪಾವಳಿ ಹಬ್ಬದ ಪ್ರಯುಕ್ತ ಎಲ್ಲಾ ರೇಷ್ಮೆ ಸೀರೆಗಳ ಮೇಲೆ ಶೇ. 20ರಷ್ಟು ವಿಶೇಷ ರಿಯಾಯಿತಿ. ಇಂದೇ ಭೇಟಿ ನೀಡಿ.”

“ಎರಡೇ ಸಾಲು ಸಾರ್, ಒಂದು ಮೆಸೇಜಿನಲ್ಲಿ ಹೋಗಲ್ವಾ?” ಎಂದರು. ಹೋಗುವುದಿಲ್ಲ. ಎಣಿಸಿದರೆ ಇದು 91. ಕನ್ನಡದ ಒಂದು ಎಸ್ಸೆಮ್ಮೆಸ್‌ಗೆ ಇರುವುದು 70 ಸ್ಥಾನ ಮಾತ್ರ. ಅದನ್ನು ಮೀರಿದರೆ ಸಂದೇಶ ತುಂಡಾಗುತ್ತದೆ. ತುಂಡುಗಳನ್ನು ಫೋನಿನಲ್ಲಿ ಮತ್ತೆ ಜೋಡಿಸುವ ಮಾಹಿತಿಗೂ ಜಾಗ ಬೇಕಾದ್ದರಿಂದ ಒಂದೊಂದರಲ್ಲಿ 67 ಸ್ಥಾನವಷ್ಟೇ ಉಳಿಯುತ್ತದೆ. ಓದುವವರಿಗೆ ಒಂದೇ ಸಂದೇಶವಾಗಿ ಕಂಡರೂ ದುಡ್ಡು ಎರಡಕ್ಕೆ.

ಒಂದು ಎಸ್ಸೆಮ್ಮೆಸ್‌ ಹೊರುವುದು 140 ಬೈಟ್, ಅಂದರೆ 1120 ಬಿಟ್. ಇಂಗ್ಲಿಷ್ ಅಕ್ಷರಕ್ಕೆ 7 ಬಿಟ್ ಸಾಕು, ಹಾಗಾಗಿ 160 ಅಕ್ಷರ ಹಿಡಿಸುತ್ತವೆ. ಕನ್ನಡದ ಒಂದೊಂದು ಚಿಹ್ನೆಗೆ 16 ಬಿಟ್ ಬೇಕು. ಒಂದೇ ಒಂದು ಕನ್ನಡ ಅಕ್ಷರ ಸೇರಿದರೂ ಇಡೀ ಸಂದೇಶ, ಅದರೊಳಗಿನ ಇಂಗ್ಲಿಷ್ ಅಂಕಿಗಳೂ ಸೇರಿ, ಈ ಲೆಕ್ಕಕ್ಕೆ ಬಂದುಬಿಡುತ್ತದೆ.

ಎಣಿಕೆಯೂ ನಾವು ಶಾಲೆಯಲ್ಲಿ ಕಲಿತಂತಿಲ್ಲ. ಕಾಗುಣಿತದ ಗುರುತು, ಒತ್ತಕ್ಷರದ ಹಿಂದೆ ಅಡಗಿರುವ ಅರ್ಧಾಕ್ಷರದ ಗುರುತು, ಅನುಸ್ವಾರ ಎಲ್ಲಕ್ಕೂ ಒಂದೊಂದು ಸ್ಥಾನ. ‘ಪ್ರಯುಕ್ತ’ ಕಣ್ಣಿಗೆ ಮೂರು ಅಕ್ಷರ, ಲೆಕ್ಕಕ್ಕೆ ಎಂಟು. ಆದ್ದರಿಂದ ನಾನು ಮೊದಲು ಕೈಹಾಕುವುದು ಒತ್ತಕ್ಷರ ತುಂಬಿದ ಪದಗಳಿಗೆ. ‘ಹಬ್ಬದ ಪ್ರಯುಕ್ತ’ ಎನ್ನುವ ಬದಲು ‘ದೀಪಾವಳಿಗೆ’ ಎಂದರೆ 13 ಸ್ಥಾನ ಉಳಿಯಿತು, ಮಾತೂ ಸಹಜವಾಯಿತು. ‘ವಿಶೇಷ’ ಹೊಸದೇನನ್ನೂ ಹೇಳುತ್ತಿರಲಿಲ್ಲ, ತೆಗೆದೆವು. ‘ಡಿಸ್ಕೌಂಟ್’ ಹಾಕೋಣವೇ ಎಂದು ಅವರು ಕೇಳಿದರು. ಅದು 9, ‘ರಿಯಾಯಿತಿ’ 8. ಕನ್ನಡದ ಪದವೇ ಉಳಿಯಿತು. ‘ಭೇಟಿ ನೀಡಿ’ ಎಂದು ಕರೆಯುವುದಕ್ಕಿಂತ ಯಾವತ್ತಿನವರೆಗೆ ಎಂದು ತಿಳಿಸುವುದು ಗಿರಾಕಿಗೆ ಹೆಚ್ಚು ಬೇಕಾದದ್ದು:

“ದೀಪಾವಳಿಗೆ ಎಲ್ಲ ರೇಷ್ಮೆ ಸೀರೆಗೂ 20% ರಿಯಾಯಿತಿ. ಭಾನುವಾರದವರೆಗೆ.”

ಇದು 57. ಉಳಿದ 13ರಲ್ಲಿ ಅಂಗಡಿಯ ಹೆಸರು ಕೂತಿತು.

ಅಷ್ಟರಲ್ಲಿ ಅವರಿಗೆ ಇನ್ನೊಂದು ಆಸೆ: ಪ್ರತಿ ಗಿರಾಕಿಯ ಹೆಸರೂ ಮೊದಲಿಗೆ ಬರಲಿ. ಇದೇ ಮೋಸಹೋಗುವ ಜಾಗ. ‘ರವಿ’ಗೆ 3 ಸ್ಥಾನ, ‘ಲಕ್ಷ್ಮಿ’ಗೆ 7. ಪಟ್ಟಿಯ ಮೊದಲ ಹೆಸರನ್ನಿಟ್ಟು ಪರೀಕ್ಷಿಸಿದಾಗ ಒಂದೇ ಮೆಸೇಜು ಎಂದು ತೋರಿಸಿದ್ದು, ಉದ್ದ ಹೆಸರಿನವರಿಗೆಲ್ಲ ಎರಡಾಗಿ ಹೋಗಿರುತ್ತದೆ. ನಮ್ಮಲ್ಲಿ ಪ್ರಚಾರದ ಸಂದೇಶದ ಮಾದರಿಯನ್ನು ಟೆಲಿಕಾಂ ಕಂಪನಿಗಳ ಡಿಎಲ್‌ಟಿ ವ್ಯವಸ್ಥೆಯಲ್ಲಿ ಮೊದಲೇ ನೋಂದಾಯಿಸಬೇಕು. ಹೆಸರು ಬರುವ ಕಡೆ ಅದಕ್ಕೆಂದೇ ಇರುವ ಗುರುತನ್ನು ಬರೆಯುತ್ತಾರೆ. ಒಪ್ಪಿಗೆಯಾದ ಮೇಲೆ ಒಂದು ಪದ ಬದಲಿಸಿದರೂ ಹೊಸದಾಗಿ ಒಪ್ಪಿಗೆ ಪಡೆಯಬೇಕು. ಹಾಗಾಗಿ ಪಟ್ಟಿಯಲ್ಲೇ ಅತಿ ಉದ್ದದ ಹೆಸರನ್ನು ಹುಡುಕಿ, ಅದನ್ನಿಟ್ಟೇ ಎಣಿಸಿದೆವು. 70 ಮೀರಿತು. ಹೆಸರು ಬೇಡವೆಂದು ಅವರೇ ಹೇಳಿದರು.