ಪಾಠಪುಸ್ತಕದಲ್ಲಿ ಮತಗಳ ಪರಿಚಯ

ಮಕ್ಕಳ ಚರಿತ್ರೆಯ ಪುಸ್ತಕದಲ್ಲಿ ಹಲವು ಮತಗಳ ವಿಷಯವು ಬಂದಿರುವಾಗ, ಅದು ನ್ಯಾಯವಾಗಿದೆಯೋ ಇಲ್ಲವೋ ಎಂಬುದನ್ನು ತಂದೆತಾಯಿಗಳು ತಿಳಿಯುವ ಬಗೆ ಹೇಗೆ? ನಮ್ಮ ಮತವನ್ನು ಹೊಗಳಿದ್ದರೆ ಒಳ್ಳೆಯ ಪುಸ್ತಕ, ತೆಗಳಿದ್ದರೆ ಕೆಟ್ಟ ಪುಸ್ತಕ ಎಂದೆಣಿಸುವುದು ಸುಲಭ. ಆದರೆ ಅದು ಪರೀಕ್ಷೆಯಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾ ಸಂಸ್ಥಾನದಲ್ಲಿ 2005-06ರಲ್ಲಿ ನಡೆದ ಒಂದು ವಿವಾದವನ್ನು ಪರಿಶೀಲಿಸಿದರೆ, ಪರೀಕ್ಷೆಯ ಕ್ರಮವು ವಾಚಕರಿಗೆ ಮನದಟ್ಟಾಗುವುದು.

ಅಲ್ಲಿಯ ಸರಕಾರೀ ಶಾಲೆಗಳಲ್ಲಿ ಯಾವ ಮತದ ಭಕ್ತಿಯನ್ನೂ ಬೋಧಿಸಕೂಡದು. ಆದರೆ ಮತಗಳ ವಿಷಯವಾಗಿ ತಿಳಿವಳಿಕೆ ಕೊಡಬಹುದು. ಆದುದರಿಂದ ಆರನೆಯ ತರಗತಿಯ ಮಕ್ಕಳು ಪ್ರಾಚೀನ ಕಾಲದ ಚರಿತ್ರೆಯೊಡನೆ ಹಿಂದೂ, ಬೌದ್ಧ, ಯೆಹೂದ್ಯ, ಕ್ರೈಸ್ತ ಮತಗಳ ಪರಿಚಯವನ್ನು ಪಡೆಯುತ್ತಾರೆ. 2005ರಲ್ಲಿ ಹೊಸ ಪುಸ್ತಕಗಳು ಸಂಸ್ಥಾನದ ವಿದ್ಯಾಮಂಡಲಿಯ ಮುಂದೆ ಬಂದಾಗ, ಅಮೆರಿಕದ ಹಿಂದೂ ಸಂಸ್ಥೆಗಳು ಅನೇಕ ತಿದ್ದುಪಡಿಗಳನ್ನು ಸೂಚಿಸಿದುವು. ಅವುಗಳಲ್ಲಿ ಹಲವನ್ನು ಹಾರ್ವರ್ಡ್ ವಿಶ್ವವಿದ್ಯಾಲಯದ ಸಂಸ್ಕೃತ ಪ್ರಾಧ್ಯಾಪಕ ಮೈಕೇಲ್ ವಿಟ್ಸೆಲ್ ಮೊದಲಾದ ವಿದ್ವಾಂಸರು ವಿರೋಧಿಸಿದರು.

ಮೊದಲನೆಯ ಪ್ರಶ್ನೆ: ಹೇಳಿದ ಸಂಗತಿ ನಿಜವೇ? ಒಂದು ಪುಸ್ತಕದಲ್ಲಿ ಹಿಂದೀ ಭಾಷೆಯನ್ನು ಅರಬ್ಬೀ ಲಿಪಿಯಲ್ಲಿ ಬರೆಯುತ್ತಾರೆಂದು ಅಚ್ಚಾಗಿತ್ತು. ದೇವನಾಗರಿಯನ್ನು ಬಲ್ಲ ಯಾರಿಗೂ ಇದರಲ್ಲಿ ಚರ್ಚೆಯಿಲ್ಲ. ಇಂತಹ ತಪ್ಪಿಗೆ ಪ್ರಮಾಣವೊಂದನ್ನು ತೋರಿಸಿದರೆ ಸಾಕು. ಕೋಪದ ಮಾತು ಬೇಕಿಲ್ಲ.

ಎರಡನೆಯ ಪ್ರಶ್ನೆ: ನಂಬಿಕೆಯನ್ನು ಯಾರ ಮಾತಾಗಿ ಹೇಳಿದೆ? ಯೇಸು ಮರಣಾನಂತರ ಮರಳಿ ಎದ್ದನೆಂದು ಕ್ರೈಸ್ತರು ನಂಬುತ್ತಾರೆ ಎನ್ನುವುದು ಸರಿಯಾದ ವಾಕ್ಯ. ‘ನಂಬುತ್ತಾರೆ’ ಎಂಬುದನ್ನು ಬಿಟ್ಟರೆ ಪುಸ್ತಕವೇ ಕ್ರೈಸ್ತನಾದಂತಾಯಿತು. ಅದರ ಸ್ಥಳದಲ್ಲಿ ‘ಕಟ್ಟುಕಥೆ’ ಎಂದು ಬರೆದರೆ ಪುಸ್ತಕವೇ ಎದುರುವಾದಿಯಾಯಿತು. ಒಂದು ಮತಕ್ಕೆ ‘ನಂಬಿಕೆ’, ಮತ್ತೊಂದಕ್ಕೆ ‘ಕಥೆ’ ಎಂಬ ಭೇದವಿದ್ದರೆ, ಪ್ರತಿ ವಾಕ್ಯವೂ ಬೇರೆಬೇರೆಯಾಗಿ ಸಭ್ಯವಾಗಿ ತೋರಿದರೂ ಒಟ್ಟು ಚಿತ್ರವು ಪಕ್ಷಪಾತದ್ದೇ. ಪರಿಹಾಸವೂ ಈ ದೋಷದ್ದೇ ಒಂದು ರೂಪ. ರಾಮಾಯಣ ಪಠನವಾಗುವಲ್ಲಿ ಹನುಮಂತನು ಇರುವನೆಂಬ ಭಾವನೆಯನ್ನು ಹೇಳಿ, ಸುತ್ತಲೂ ಕೋತಿಗಳೇನಾದರೂ ಕಾಣುತ್ತವೆಯೋ ನೋಡಿರೆಂದು ಒಂದು ಪಾಠವು ಮಕ್ಕಳನ್ನು ಕೇಳಿತ್ತು. ಆ ತರಗತಿಯಲ್ಲಿ ಒಬ್ಬಳೇ ಹಿಂದೂ ಹುಡುಗಿ ಕುಳಿತಿದ್ದರೆ ಉಳಿದವರೆಲ್ಲ ಯಾರ ಕಡೆಗೆ ತಿರುಗಿ ನೋಡುವರು?

ಮೂರನೆಯದೇ ಕಠಿನವಾದ ಪ್ರಶ್ನೆ: ಎಲ್ಲ ಮತಗಳಿಗೂ ಒಂದೇ ಅಳತೆಗೋಲು ಹಿಡಿದಿದೆಯೇ? ಪ್ರಾಚೀನ ಭಾರತದಲ್ಲಿ ಸ್ತ್ರೀಯರಿಗಿಂತ ಪುರುಷರಿಗೆ ಹೆಚ್ಚು ಹಕ್ಕುಗಳಿದ್ದುವೆಂದು ಒಂದು ಪುಸ್ತಕ ಹೇಳಿತ್ತು. ಪುರುಷರ ಹಕ್ಕುಗಳೂ ಧರ್ಮಗಳೂ ಸ್ತ್ರೀಯರವುಗಳಿಗಿಂತ ಬೇರೆಯಾಗಿದ್ದುವೆಂದು ತಿದ್ದಬೇಕೆಂಬುದು ಹಿಂದೂ ಸಂಸ್ಥೆಯೊಂದರ ಸೂಚನೆ. ‘ಹೆಚ್ಚು’ ಎಂಬುದು ನಿಜ. ‘ಬೇರೆ’ ಎಂಬುದು ಆ ನಿಜವನ್ನು ಮುಚ್ಚುವ ಮಾತು. ಹಾಗಾದರೆ ದೂರಿನಲ್ಲಿ ಹುರುಳಿಲ್ಲವೇ? ಇದೆ. ಪ್ರಾಚೀನ ಗ್ರೀಸಿನಲ್ಲಿಯೂ ರೋಮಿನಲ್ಲಿಯೂ ಯೆಹೂದ್ಯರಲ್ಲಿಯೂ ಪುರುಷರಿಗೇ ಹೆಚ್ಚು ಹಕ್ಕು. ಒಬ್ಬರ ಅಧ್ಯಾಯದಲ್ಲಿ ಮಾತ್ರ ಲೋಪವನ್ನೆತ್ತಿ, ಉಳಿದವರ ಅಧ್ಯಾಯಗಳಲ್ಲಿ ಆದರ್ಶಗಳನ್ನಷ್ಟೇ ವರ್ಣಿಸಿದರೆ ಅದು ಅನ್ಯಾಯ. ಆದರೆ ಅದಕ್ಕೆ ಮದ್ದು ನಿಜವನ್ನು ಅಳಿಸುವುದಲ್ಲ. ಅದೇ ನಿಜವನ್ನು ಉಳಿದ ಅಧ್ಯಾಯಗಳಲ್ಲಿಯೂ ಬರೆಯಿಸುವುದು.

ನಾಲ್ಕನೆಯದು: ಮತದೊಳಗಿನ ಎಲ್ಲರ ದನಿಯೂ ಕೇಳುತ್ತಿದೆಯೇ? ಜಾತಿಭೇದ, ಅಸ್ಪೃಶ್ಯತೆಗಳ ಪ್ರಸ್ತಾಪವನ್ನು ಕಡಿಮೆಮಾಡಬೇಕೆಂದು ಕೆಲವರು ಕೇಳಿದಾಗ, ಅಮೆರಿಕದಲ್ಲಿದ್ದ ದಲಿತ ಸಂಘಗಳು ಕೂಡದೆಂದುವು. ಮತವೊಂದರ ಹೆಸರಿನಲ್ಲಿ ಮಾತನಾಡುವವರು ಆ ಮತದವರೆಲ್ಲರ ಪ್ರತಿನಿಧಿಗಳಾಗಿರಲಾರರು. ಅಮೆರಿಕದ ಧರ್ಮಾಧ್ಯಯನ ವಿದ್ವಾಂಸರ ಪರಿಷತ್ತು 2010ರಲ್ಲಿ ಶಾಲೆಗಳಿಗಾಗಿ ಹೊರಡಿಸಿದ ಸೂಚನೆಗಳೂ ಇದನ್ನೇ ಎತ್ತಿಹಿಡಿಯುತ್ತವೆ: ಪ್ರತಿಯೊಂದು ಮತದೊಳಗೂ ವೈವಿಧ್ಯವಿದೆ, ಅದು ಕಾಲಕಾಲಕ್ಕೆ ಮಾರ್ಪಡುತ್ತದೆ, ಜನಜೀವನದೊಡನೆ ಹೆಣೆದುಕೊಂಡಿರುತ್ತದೆ.

2006ರ ಮಾರ್ಚಿಯಲ್ಲಿ ವಿದ್ಯಾಮಂಡಲಿಯು ಅನೇಕ ಸಣ್ಣ ತಿದ್ದುಪಡಿಗಳನ್ನು ಒಪ್ಪಿ, ಸ್ತ್ರೀಯರ ಹಕ್ಕು, ಜಾತಿಗಳನ್ನು ಕುರಿತ ವಿವಾದಾಸ್ಪದವಾದವುಗಳನ್ನು ಬಹುಮಟ್ಟಿಗೆ ತಳ್ಳಿಹಾಕಿತು. ವಿಷಯವು ನ್ಯಾಯಾಲಯವನ್ನೂ ಮುಟ್ಟಿತು. ಪುಸ್ತಕಗಳನ್ನು ರದ್ದುಗೊಳಿಸಬೇಕಿಲ್ಲ, ಆದರೆ ಮಂಡಲಿಯು ಅನುಸರಿಸಿದ ಕ್ರಮವು ನಿಯಮಬದ್ಧವಾಗಿರಲಿಲ್ಲವೆಂದು ಅದೇ ವರ್ಷ ತೀರ್ಪಾಯಿತು.

ಮನೆಯಲ್ಲಿ ಪರೀಕ್ಷೆ ಮಾಡುವವರು ಕಾಗದದ ಮೇಲೆ ಮತಕ್ಕೊಂದರಂತೆ ಅಂಕಣಗಳನ್ನು ಎಳೆದು, ಈ ನಾಲ್ಕು ಪ್ರಶ್ನೆಗಳ ಉತ್ತರವನ್ನು ಪುಟಸಂಖ್ಯೆಯೊಡನೆ ಬರೆಯಲಿ. ಅಭ್ಯಾಸದ ಪ್ರಶ್ನೆಗಳನ್ನೂ ಚಿತ್ರಗಳನ್ನೂ ಬಿಡಬಾರದು. ಮತಗಳಿಗೆ ಕೊಟ್ಟ ಪುಟಗಳು ಸಮನಾಗಿರಬೇಕೆಂಬ ನಿಯಮವಿಲ್ಲ. ಪಾಠವು ಯಾವ ದೇಶಕಾಲಗಳನ್ನು ಕುರಿತದ್ದೋ ಅದರಂತೆ ಪುಟಗಳು ಹೆಚ್ಚುಕಡಿಮೆಯಾಗುವುವು. ಪಂಡಿತರಲ್ಲಿಯೇ ಒಮ್ಮತವಿಲ್ಲದ ವಿಷಯವನ್ನು ಈ ನಾಲ್ಕು ಪ್ರಶ್ನೆಗಳು ತೀರ್ಮಾನಿಸಲಾರವು. ಅಲ್ಲಿ ಭಿನ್ನಾಭಿಪ್ರಾಯವುಂಟೆಂದು ಪುಸ್ತಕವು ಹೇಳಿದರೆ ಸಾಕು. ದೋಷ ಕಂಡರೆ, ಪುಟ, ವಾಕ್ಯ, ಪ್ರಮಾಣ, ಬದಲಿಗೆ ಇರಬೇಕಾದ ವಾಕ್ಯ, ಇವಿಷ್ಟನ್ನು ಬರೆದು ಕಳುಹಿಸಬೇಕು. ಕಳುಹಿಸುವ ಮುನ್ನ ಆ ವಾಕ್ಯದಲ್ಲಿ ನಮ್ಮ ಮತದ ಹೆಸರನ್ನು ತೆಗೆದು ನೆರೆಯವರ ಮತದ ಹೆಸರನ್ನಿಟ್ಟು ಓದಿ ನೋಡತಕ್ಕದ್ದು. ಆಗಲೂ ನಮ್ಮ ಆಕ್ಷೇಪಣೆ ನಿಂತರೆ ಅದು ನ್ಯಾಯವಾದದ್ದು.